‘ಲೈಟ್ ಡ್ಯೂಟಿ’ ಅಂದರೆ ಎಷ್ಟು ಕೆಜಿ?

ಬೆನ್ನಿಗೆ ಪೆಟ್ಟಾಗಿ ಮೂರ್ನಾಲ್ಕು ವಾರ ಮನೆಯಲ್ಲಿದ್ದ ಕಾರ್ಮಿಕ ಕೆಲಸಕ್ಕೆ ಮರಳುವಾಗ ಕೈಯಲ್ಲಿ ಒಂದು ಚೀಟಿ ಇರುತ್ತದೆ. ಅದರಲ್ಲಿ ಸಾಮಾನ್ಯವಾಗಿ ಒಂದೇ ಸಾಲು: ‘ಹದಿನೈದು ದಿನ ಲೈಟ್ ಡ್ಯೂಟಿಗೆ ಫಿಟ್.’ ಕೆಳಗೆ ಸಹಿ, ಸೀಲು. ಬರೆದ ವೈದ್ಯರಿಗೆ ಅದು ಅರ್ಧ ನಿಮಿಷದ ಕೆಲಸ. ತಲೆನೋವೆಲ್ಲ ಓದುವವರಿಗೆ. ಎಚ್‌ಆರ್‌ನವರು ಅದನ್ನು ‘ಇನ್ನೂ ಪೂರ್ತಿ ಗುಣವಾಗಿಲ್ಲ, ಒಳಗೆ ಬಿಟ್ಟುಕೊಂಡರೆ ಅಪಾಯ’ ಎಂದು ಓದುತ್ತಾರೆ. ಸೂಪರ್‌ವೈಸರ್ ‘ಅಂತೂ ಬಂದನಲ್ಲ’ ಎಂದು ಓದುತ್ತಾರೆ. ಕಾರ್ಮಿಕನಿಗೆ ಅದು ಕೂತು ಮಾಡುವ ಕೆಲಸ ಎಂದು ಕೇಳಿಸುತ್ತದೆ. ಕೊನೆಗೆ ಆತನನ್ನು ಗೇಟಿನ ಹತ್ತಿರ ರಿಜಿಸ್ಟರ್ ಬರೆಯಲು ಕೂರಿಸುತ್ತಾರೆ, ಇಲ್ಲವೇ ‘ನಮ್ಮಲ್ಲಿ ಲೈಟ್ ಡ್ಯೂಟಿ ಅಂತ ಯಾವುದೂ ಇಲ್ಲ, ನೂರಕ್ಕೆ ನೂರು ಸರಿಹೋದ ಮೇಲೆ ಬಾ’ ಎಂದು ಕಳಿಸುತ್ತಾರೆ.

ಬೆನ್ನುನೋವಿನ ರೋಗಿಗಳನ್ನು ನೋಡುವ ನನ್ನಂಥವರು ಈ ಪತ್ರವನ್ನು ಔಷಧ ಚೀಟಿಯಷ್ಟೇ ಎಚ್ಚರದಿಂದ ಬರೆಯಬೇಕು ಎಂಬುದು ನನ್ನ ವಾದ. ಔಷಧ ಚೀಟಿಯಲ್ಲಿ ‘ಸ್ವಲ್ಪ ಮಾತ್ರೆ ಕೊಡಿ’ ಎಂದು ಯಾರೂ ಬರೆಯುವುದಿಲ್ಲವಲ್ಲ. ಎಷ್ಟು, ಎಷ್ಟು ಹೊತ್ತಿಗೊಮ್ಮೆ, ಎಲ್ಲಿಯವರೆಗೆ ಎಂದು ಬರೆಯುತ್ತೇವೆ. ಭಾರಕ್ಕೂ ಅದೇ ಲೆಕ್ಕ ಬೇಕು.

ನಾನು ಕಂಡ ಹಲವರನ್ನು ಸೇರಿಸಿ ಒಬ್ಬರನ್ನು ಮುಂದಿಟ್ಟುಕೊಳ್ಳೋಣ. ಮಂಜಣ್ಣ ಎನ್ನೋಣ. ವಯಸ್ಸು 38. ಪೀಣ್ಯದ ಕಡೆಯ ಒಂದು ಮೆಷಿನ್ ಶಾಪಿನಲ್ಲಿ ಗುತ್ತಿಗೆದಾರರ ಮೂಲಕ ಕೆಲಸ. ಕಬ್ಬಿಣದ ಕಾಸ್ಟಿಂಗುಗಳನ್ನು ಬಿನ್‌ನಿಂದ ಎತ್ತಿ ಸಿಎನ್‌ಸಿ ಲೇತಿಗೆ ಹಾಕುವುದು, ಮುಗಿದದ್ದನ್ನು ತೆಗೆದು ಪಕ್ಕದಲ್ಲಿ ಜೋಡಿಸುವುದು. ಒಂದು ದಿನ ಬಿನ್‌ನ ತಳದಲ್ಲಿದ್ದ ಪೀಸನ್ನು ಎತ್ತಿ ತಿರುಗುವಾಗ ಸೊಂಟ ಹಿಡಿದುಕೊಂಡಿತು. ಮಾರನೇ ದಿನಕ್ಕೆ ನೋವು ಎಡಗಾಲಿನ ಹಿಂಭಾಗದಲ್ಲಿ ಮೀನಖಂಡದವರೆಗೂ ಇಳಿಯಿತು. ಡಿಸ್ಕ್ ಜಾರಿ ನರವನ್ನು ಒತ್ತಿದಾಗ ಬರುವ ನೋವಿನ ದಾರಿ ಅದು. ಮೊದಲ ವಾರ ಅಂಗಾತ ಮಲಗಿಸಿ ನೇರವಾದ ಎಡಗಾಲನ್ನು 40 ಡಿಗ್ರಿ ಎತ್ತುವಷ್ಟರಲ್ಲಿ ‘ಸಾಕು ಸಾರ್’ ಎನ್ನುತ್ತಿದ್ದರು. ನಾಲ್ಕನೇ ವಾರಕ್ಕೆ 75 ಡಿಗ್ರಿವರೆಗೂ ಕಾಲು ಏಳುತ್ತಿದೆ. ಕಾಲಿನ ನೋವು ಹೋಗಿದೆ, ಸೊಂಟದ ಬಿಗಿತ ಮಾತ್ರ ಉಳಿದಿದೆ. ಹಿಮ್ಮಡಿಯ ಮೇಲೂ ತುದಿಗಾಲ ಮೇಲೂ ನಡೆಯುತ್ತಾರೆ, ಹೆಬ್ಬೆರಳಿನ ಬಲ ಎರಡೂ ಕಡೆ ಸಮವಾಗಿದೆ. ಇಂಥವರನ್ನು ಇನ್ನೂ ಮನೆಯಲ್ಲಿ ಮಲಗಿಸಿದರೆ ಲಾಭವಿಲ್ಲ. ಡಿಯೊ ಎಂಬ ಅಮೆರಿಕದ ವೈದ್ಯರು ಮತ್ತವರ ಜೊತೆಗಾರರು 1986ರಲ್ಲಿ, ಬೆನ್ನುನೋವಿಗೆ ಎರಡು ದಿನ ಮಲಗಲು ಹೇಳಿಸಿಕೊಂಡವರನ್ನೂ ಏಳು ದಿನ ಮಲಗಲು ಹೇಳಿಸಿಕೊಂಡವರನ್ನೂ ಹೋಲಿಸಿದ್ದರು. ಎರಡು ದಿನದವರು ಕಳೆದುಕೊಂಡ ಕೆಲಸದ ದಿನಗಳು ಶೇ. 45ರಷ್ಟು ಕಡಿಮೆ, ಗುಣವಾಗುವುದರಲ್ಲಿ ಬೇರೆ ವ್ಯತ್ಯಾಸ ಕಾಣಲಿಲ್ಲ. ಅವರಲ್ಲಿ ನರದ ತೊಂದರೆ ಇದ್ದವರು ಇರಲಿಲ್ಲ ಎಂಬುದು ನಿಜ. ಆದರೆ ಕಾಲಿನ ಬಲ ಕುಂದದೆ ನೋವು ಇಳಿಯುತ್ತಿರುವ ಮಂಜಣ್ಣನವರಂಥವರಿಗೂ ಮಂಚಕ್ಕಿಂತ ಓಡಾಟವೇ ಮೇಲು ಎಂಬುದು ಈಗ ನಾವೆಲ್ಲ ಒಪ್ಪಿರುವ ಮಾತು.

ಹಾಗಾದರೆ ಪತ್ರ ಬರೆಯಬಹುದು. ಆದರೆ ಬರೆಯುವ ಮೊದಲು ವೈದ್ಯರಿಗೆ ಗೊತ್ತಿರಬೇಕಾದ ಒಂದು ವಿಷಯ ಕೇಸ್‌ಶೀಟಿನಲ್ಲಿ ಇರುವುದಿಲ್ಲ. ಅದು ಮಂಜಣ್ಣ ಬೆಳಿಗ್ಗೆಯಿಂದ ಸಂಜೆಯವರೆಗೆ ಮಾಡುವ ಕೆಲಸ. ‘ಏನು ಕೆಲಸ?’ ಎಂದು ಕೇಳಿದರೆ ‘ಆಪರೇಟರ್’ ಎಂಬ ಉತ್ತರ ಬರುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ಶಿಫ್ಟಿನ ಕಥೆಯನ್ನು ಮೊದಲಿನಿಂದ ಹೇಳಿಸಬೇಕು. ಪೀಸಿನ ತೂಕ ಎಷ್ಟು? 11 ಕೆಜಿ. ಶಿಫ್ಟಿಗೆ ಎಷ್ಟು? ತೊಂಬತ್ತರ ಆಸುಪಾಸು. ಬಿನ್ ಎಲ್ಲಿದೆ? ನೆಲದ ಮೇಲೆ, ಮೆಷಿನ್‌ನಿಂದ ಅರ್ಧ ಸುತ್ತು ತಿರುಗಬೇಕಾದ ಕಡೆ. ಕೈ ಎಷ್ಟು ಚಾಚಬೇಕು? ಬಿನ್‌ನ ಅಂಚು ಅಡ್ಡ ಬರುವುದರಿಂದ ಬಗ್ಗಿ ಪೂರ್ತಿ ಚಾಚಬೇಕು. ಇಷ್ಟು ಹೇಳುವಾಗ ಮಂಜಣ್ಣ ಕುರ್ಚಿಯಿಂದ ಎದ್ದು ಮಾಡಿಯೇ ತೋರಿಸುತ್ತಾರೆ. ನನಗೆ ಬೇಕಾದ ಪರೀಕ್ಷೆಯಲ್ಲಿ ಅರ್ಧ ಅಲ್ಲೇ ಮುಗಿಯುತ್ತದೆ.

11 ಕೆಜಿ ಎಂದರೆ ಅರ್ಧ ಸಿಲಿಂಡರ್ ತೂಕವೂ ಅಲ್ಲ, ದೊಡ್ಡದೇನಲ್ಲ ಎನ್ನಿಸಬಹುದು. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ ನಿಯೋಷ್ 1991ರಲ್ಲಿ ಪರಿಷ್ಕರಿಸಿದ ಎತ್ತುವ ಭಾರದ ಸೂತ್ರವೊಂದಿದೆ. ಅದು 23 ಕೆಜಿಯಿಂದ ಶುರುವಾಗುತ್ತದೆ. ಭಾರ ಮೈಗೆ ಹತ್ತಿರ, ಕಾಲಗಂಟಿನಿಂದ 25 ಸೆಂಟಿಮೀಟರ್ ಮುಂದೆ, ಸೊಂಟಕ್ಕಿಂತ ಕೊಂಚ ಕೆಳಗೆ ಇದ್ದು, ಮೈ ತಿರುಚದೆ ಅಪರೂಪಕ್ಕೊಮ್ಮೆ ಎತ್ತುವುದಾದರೆ ಆರೋಗ್ಯವಂತರಿಗೆ ಅಷ್ಟು ಸರಿ. ಸನ್ನಿವೇಶ ಕೆಟ್ಟಷ್ಟೂ ಅದು ಇಳಿಯುತ್ತದೆ. ಭಾರ 25ರ ಬದಲು 50 ಸೆಂಟಿಮೀಟರ್ ಮುಂದಿದ್ದರೆ ಮಿತಿ ನೇರ ಅರ್ಧಕ್ಕೆ, ಹನ್ನೊಂದೂವರೆ ಕೆಜಿಗೆ ಬಂತು. ನೆಲಮಟ್ಟದಿಂದ ಎತ್ತುವುದು, ಸೊಂಟವನ್ನು 45 ಡಿಗ್ರಿ ತಿರುಚುವುದು, ಎತ್ತಿದ್ದನ್ನು ಎದೆಯ ಹತ್ತಿರದವರೆಗೆ ತರುವುದು, ಇಡೀ ಶಿಫ್ಟು ಅದನ್ನೇ ಮಾಡುವುದು, ಇವೆಲ್ಲ ಒಂದೊಂದಾಗಿ ಕಳೆದರೆ ಮಂಜಣ್ಣನವರ ಬಿನ್‌ಗೆ ಉಳಿಯುವ ಮಿತಿ ಸುಮಾರು 6 ಕೆಜಿ. ಅದೂ ಬೆನ್ನು ಚೆನ್ನಾಗಿರುವವರಿಗೆ. ಅವರು ಎತ್ತುತ್ತಿದ್ದದ್ದು ಹೆಚ್ಚುಕಡಿಮೆ ಅದರ ಎರಡು ಪಟ್ಟು.

ಇದನ್ನು ಇಷ್ಟು ಎಳೆದು ಹೇಳಲು ಕಾರಣವಿದೆ. ‘ಭಾರ ಎತ್ತಬಾರದು’ ಎಂಬ ಸಾಲು ಪತ್ರದಲ್ಲಿ ಏಕೆ ಕೆಲಸಕ್ಕೆ ಬಾರದು ಎಂಬುದು ಈ ಲೆಕ್ಕದಲ್ಲೇ ಇದೆ. ಅದೇ ಪೀಸು ಸೊಂಟದೆತ್ತರದ ಸ್ಟ್ಯಾಂಡಿನ ಮೇಲೆ, ಮೆಷಿನ್‌ಗೆ ಎದುರಾಗಿ, ಮೈಗೆ ಹತ್ತಿರದಲ್ಲಿದ್ದರೆ ಬೆನ್ನಿಗೆ ಬೀಳುವ ಹೊರೆ ಎಷ್ಟೋ ಕಡಿಮೆ. ಹಾಗಾಗಿ ಪತ್ರದಲ್ಲಿ ಕೆಜಿಯ ಜೊತೆಗೆ ಎತ್ತರ, ದೂರ, ತಿರುಗುವಿಕೆ ಮೂರೂ ಇರಬೇಕು. ಅವು ಇದ್ದರೆ ಸೂಪರ್‌ವೈಸರ್‌ಗೆ ಏನು ಮಾಡಬೇಕು ಎಂಬುದು ಹೊಳೆಯುತ್ತದೆ. ಬಿನ್ ಕೆಳಗೆ ಎರಡು ಪ್ಯಾಲೆಟ್ ಇಟ್ಟರೂ ಆಯಿತು.

ನಾನು ಬರೆಯುವ ಪತ್ರ ಸುಮಾರಾಗಿ ಹೀಗಿರುತ್ತದೆ:

‘ಇವರಿಗೆ ಬೆನ್ನಿನ ಗಾಯಕ್ಕಾಗಿ ನಾನು ಚಿಕಿತ್ಸೆ ನೀಡುತ್ತಿದ್ದೇನೆ. ಇಂದು ಪರೀಕ್ಷಿಸಿದ್ದೇನೆ. ಈ ಪತ್ರವನ್ನು ಅವರ ಒಪ್ಪಿಗೆ ಪಡೆದು, ಅವರಿಗೆ ಓದಿ ಹೇಳಿ ಬರೆದಿದ್ದೇನೆ. ಬರುವ ಸೋಮವಾರದಿಂದ ಇವರು ಕೆಳಗಿನ ಮಿತಿಯೊಳಗೆ ಪೂರ್ತಿ ಪಾಳಿ ಕೆಲಸ ಮಾಡಬಲ್ಲರು.

ಮೊದಲ ಎರಡು ವಾರ: ಮೊಣಕಾಲು ಮತ್ತು ಎದೆಯ ನಡುವಿನ ಎತ್ತರದಲ್ಲಿ, ಮೈಗೆ ಹತ್ತಿರವಾಗಿ 5 ಕೆಜಿವರೆಗೆ ಎತ್ತಬಹುದು. ನೆಲದಿಂದ ಎತ್ತುವುದು, ಭಾರ ಹಿಡಿದು ಸೊಂಟ ತಿರುಗಿಸುವುದು ಬೇಡ. ನಿಂತು, ಕೂತು, ನಡೆದು ಮಾಡುವ ಕೆಲಸ ಎಲ್ಲವೂ ಆಗಬಹುದು, ಆದರೆ ಒಂದೇ ಭಂಗಿಯಲ್ಲಿ ಅರ್ಧ ಗಂಟೆಗಿಂತ ಹೆಚ್ಚು ಇರದಂತೆ ಭಂಗಿ ಬದಲಿಸಲು ಅವಕಾಶ ಬೇಕು. ಓವರ್‌ಟೈಮ್ ಬೇಡ. ರಾತ್ರಿ ಮಲಗುವಾಗ ಮಂಪರು ತರುವ ಔಷಧವೊಂದಿದೆ, ಆದ್ದರಿಂದ ಫೋರ್ಕ್‌ಲಿಫ್ಟ್, ಕ್ರೇನ್ ನಡೆಸುವುದು, ರಾತ್ರಿ ಪಾಳಿ ಬೇಡ.

ಮೂರನೇ ಮತ್ತು ನಾಲ್ಕನೇ ವಾರ: ಅದೇ ಎತ್ತರದಲ್ಲಿ 10 ಕೆಜಿವರೆಗೆ. ಉಳಿದ ಮಿತಿಗಳು ಹಾಗೆಯೇ.

ನಾಲ್ಕನೇ ವಾರದ ಕೊನೆಗೆ ಮರುಪರೀಕ್ಷೆ ಮಾಡಿ ಹೊಸ ಪತ್ರ ಕೊಡುತ್ತೇನೆ. ಅಲ್ಲಿಯವರೆಗೆ ಈ ಮಿತಿಗಳು ತಾವಾಗಿ ಮುಗಿಯುವುದಿಲ್ಲ. ಇಂಥ ಕೆಲಸ ಒದಗಿಸಲು ಸಾಧ್ಯವಿಲ್ಲದಿದ್ದರೆ ಇವರನ್ನು ಕೆಲಸಕ್ಕೆ ಇನ್ನೂ ಯೋಗ್ಯರಲ್ಲ ಎಂದೇ ಪರಿಗಣಿಸಿ, ನನಗೆ ತಿಳಿಸಿ.’

5 ಕೆಜಿ, 10 ಕೆಜಿ ಎಂಬವು ಯಾವ ಸೂತ್ರದಿಂದಲೂ ಬಂದವಲ್ಲ, ಅವು ಪರೀಕ್ಷೆ ಮಾಡಿದ ವೈದ್ಯರ ಅಂದಾಜು. ಬೇರೆ ವೈದ್ಯರು 7 ಎಂದಾರು. ಮಂಪರಿನ ಔಷಧದ ಸಾಲನ್ನು ಬಹಳ ಮಂದಿ ಮರೆಯುತ್ತಾರೆ. ನರದ ನೋವಿಗೆ ಕೊಡುವ ಮಾತ್ರೆಗಳಲ್ಲಿ ಕೆಲವು ಬೆಳಿಗ್ಗೆಯೂ ತಲೆ ಭಾರ ಮಾಡುತ್ತವೆ, ಫೋರ್ಕ್‌ಲಿಫ್ಟ್ ಮೇಲೆ ಕೂತಾಗ ಅದು ಬೆನ್ನಿಗಿಂತ ದೊಡ್ಡ ವಿಷಯ.

ಕೊನೆಯ ಸಾಲು, ‘ಸಾಧ್ಯವಿಲ್ಲದಿದ್ದರೆ ಯೋಗ್ಯರಲ್ಲ ಎಂದು ಪರಿಗಣಿಸಿ’ ಎಂಬುದು, ನಾನು ಬ್ರಿಟನ್ನಿನಿಂದ ತಂದುಕೊಂಡದ್ದು. ಅಲ್ಲಿ 2010ರ ಏಪ್ರಿಲ್‌ನಲ್ಲಿ ಹಳೆಯ ಸಿಕ್ ನೋಟ್ ಹೋಗಿ ಫಿಟ್ ನೋಟ್ ಬಂತು. ಕೆಲಸಕ್ಕೆ ಯೋಗ್ಯರಲ್ಲ ಎಂಬುದರ ಜೊತೆಗೆ, ಕೆಲವು ಬದಲಾವಣೆ ಮಾಡಿದರೆ ಯೋಗ್ಯರಾಗಬಹುದು ಎಂಬ ಇನ್ನೊಂದು ಆಯ್ಕೆ ಅದರಲ್ಲಿದೆ. ಆ ಬದಲಾವಣೆ ತನ್ನಿಂದಾಗದು ಎಂದು ಮಾಲೀಕ ಹೇಳಿದರೆ ಅದೇ ಕಾಗದ ಯೋಗ್ಯರಲ್ಲ ಎಂಬ ಸರ್ಟಿಫಿಕೇಟ್ ಆಗಿ ನಡೆಯುತ್ತದೆ, ರೋಗಿ ಮತ್ತೆ ವೈದ್ಯರ ಬಳಿ ಓಡಬೇಕಿಲ್ಲ. ನಮ್ಮಲ್ಲಿ ಅಂಥ ನಿಯಮವಿಲ್ಲ, ಹಾಗಾಗಿ ಪತ್ರದಲ್ಲೇ ಬರೆದುಬಿಡುವುದು ಒಳ್ಳೆಯದು. ‘ಕೆಲಸ ಇಲ್ಲ’ ಎಂದು ಕಳಿಸಿದ್ದು ಮುಂದೆ ‘ಹೇಳದೆ ಕೇಳದೆ ಗೈರುಹಾಜರಾದ’ ಎಂದಾಗುವುದನ್ನು ಅದು ಸ್ವಲ್ಪಮಟ್ಟಿಗೆ ತಡೆಯುತ್ತದೆ.

ಈ ಪತ್ರದಲ್ಲಿ ಏನಿಲ್ಲ ಎಂಬುದನ್ನೂ ನೋಡಿ. ಯಾವ ಡಿಸ್ಕ್, ಎಷ್ಟು ಜಾರಿದೆ ಎಂಬ ಮಾತಿಲ್ಲ. ಎಂಆರ್‌ಐ ವರದಿಯ ಪ್ರತಿ ಇಲ್ಲ. ‘ರಿಪೋರ್ಟ್ ಲಗತ್ತಿಸಿ’ ಎಂದು ಎಚ್‌ಆರ್‌ನವರು ಕೇಳುವುದು ಸಾಮಾನ್ಯ, ಮಂಜಣ್ಣ ಕೂಡ ‘ಕೊಟ್ಟುಬಿಡಿ ಸಾರ್, ನಂಬಲಿ’ ಎನ್ನುತ್ತಾರೆ. ನಾನು ಬೇಡವೆನ್ನುತ್ತೇನೆ. ರೋಗಿಯ ಗುಟ್ಟು ಕಾಯುವುದು ವೈದ್ಯರ ಕರ್ತವ್ಯ ಎಂದು 2002ರ ವೈದ್ಯಕೀಯ ನೀತಿ ನಿಯಮಾವಳಿ ಹೇಳುತ್ತದೆ ಎಂಬುದೊಂದು ಕಾರಣ. ನನಗೆ ಅದಕ್ಕಿಂತ ಮುಖ್ಯವಾದದ್ದು, ಆ ವರದಿ ಓದುವವರನ್ನು ದಾರಿ ತಪ್ಪಿಸುತ್ತದೆ ಎಂಬುದು. ಬೆನ್ನುನೋವೇ ಇಲ್ಲದವರ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಇಪ್ಪತ್ತರ ವಯಸ್ಸಿನವರಲ್ಲೇ ಶೇ. 30 ಜನರಿಗೆ ಡಿಸ್ಕ್ ಉಬ್ಬಿತ್ತು, ಎಂಬತ್ತರವರಲ್ಲಿ ಶೇ. 84 ಜನರಿಗೆ. ಮಂಜಣ್ಣನವರ ಕಾಲಿನ ನೋವು ಹೋಗಿದ್ದರೂ ಅವರ ವರದಿಯಲ್ಲಿ ‘ಬಲ್ಜ್’ ಎಂಬ ಪದ ಉಳಿದೇ ಇರುತ್ತದೆ. ವೈದ್ಯರಲ್ಲದವರು ಅದನ್ನು ಓದಿದರೆ ಆತನ ಬೆನ್ನು ಮುಗಿದೇಹೋಯಿತು ಅಂದುಕೊಳ್ಳುತ್ತಾರೆ. ಎರಡು ವರ್ಷದ ನಂತರ ಗುತ್ತಿಗೆ ನವೀಕರಿಸುವಾಗ ಆ ಫೈಲು ಯಾರ ಕೈಯಲ್ಲಿರುತ್ತದೋ. ಮಾಲೀಕರಿಗೆ ಬೇಕಾದದ್ದು ಆತ ಏನು ಮಾಡಬಲ್ಲ ಎಂಬುದು, ಅದು ಪತ್ರದಲ್ಲಿದೆ. ಇಎಸ್‌ಐಗೋ ಪರಿಹಾರದ ದಾವೆಗೋ ರೋಗದ ವಿವರ ಬೇಕಾದರೆ ಅದಕ್ಕೆ ಬೇರೆ ಸರ್ಟಿಫಿಕೇಟ್, ಬೇರೆ ದಾರಿ ಇದೆ.

ಪತ್ರ ಯಾರ ಹೆಸರಿಗೆ? ಮಂಜಣ್ಣನವರಂಥ ಗುತ್ತಿಗೆ ಕಾರ್ಮಿಕರಲ್ಲಿ ಇದು ಸಣ್ಣ ಪ್ರಶ್ನೆಯಲ್ಲ. ಸಂಬಳದ ಚೀಟಿ ಗುತ್ತಿಗೆದಾರರದು, ಬಿನ್ ಮತ್ತು ಮೆಷಿನ್ ಕಾರ್ಖಾನೆಯದು. ಗುತ್ತಿಗೆದಾರರಿಗೆ ಮಾತ್ರ ಪತ್ರ ಹೋದರೆ ಅದು ಅವರ ಜೇಬಿನಲ್ಲೇ ಉಳಿಯುತ್ತದೆ, ಶಾಪ್ ಫ್ಲೋರಿನಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಗುತ್ತಿಗೆದಾರರ ಹೆಸರಿಗೆ ಬರೆದು, ಕಾರ್ಖಾನೆಯ ಎಚ್‌ಆರ್‌ಗೆ ಪ್ರತಿ ಎಂದು ಕೆಳಗೆ ನಮೂದಿಸಿ, ಮೂರನೆಯ ಪ್ರತಿಯನ್ನು ರೋಗಿಯ ಕೈಗೇ ಕೊಡಬೇಕು. ಸೂಪರ್‌ವೈಸರ್ ಜೊತೆ ಮಾತು ಬಂದಾಗ ತೆಗೆದು ತೋರಿಸಲು ಅದೇ ಪ್ರತಿ ಬೇಕು. ರೋಗಿಯ ಸಹಿ ಅಥವಾ ಹೆಬ್ಬೆಟ್ಟು, ಗುರುತಿನ ಚಿಹ್ನೆ, ವೈದ್ಯರ ನೋಂದಣಿ ಸಂಖ್ಯೆ ಇರಲಿ. ಇವನ್ನೂ ಆ ನಿಯಮಾವಳಿಯೇ ಕೇಳುತ್ತದೆ.

ಇನ್ನು ಕೂತು ಮಾಡುವ ಕೆಲಸದ ಮಾತು. ಗೇಟಿನ ಬಳಿಯ ಪ್ಲಾಸ್ಟಿಕ್ ಕುರ್ಚಿ ಎಲ್ಲ ಕಾರ್ಖಾನೆಗಳ ಪಾಲಿಗೂ ಲೈಟ್ ಡ್ಯೂಟಿಯ ಅಧಿಕೃತ ಜಾಗ. ಡಿಸ್ಕ್ ತೊಂದರೆಯವರು ಅದರಲ್ಲಿ ಎಂಟು ಗಂಟೆ ಮುಂದಕ್ಕೆ ಬಾಗಿ ಕೂತರೆ ಸಂಜೆಗೆ ಬೆಳಿಗ್ಗೆಗಿಂತ ಹೆಚ್ಚು ನರಳುತ್ತಾರೆ, ಆಮೇಲೆ ‘ಲೈಟ್ ಡ್ಯೂಟಿಯೂ ಆಗಲಿಲ್ಲ’ ಎಂಬ ಹೆಸರು ಬರುತ್ತದೆ. ಅದಕ್ಕೇ ಪತ್ರದಲ್ಲಿ ಭಂಗಿ ಬದಲಿಸುವ ಸಾಲು. ಮಂಜಣ್ಣನವರಿಗೆ ಒಪ್ಪುವ ಕೆಲಸ ಅದೇ ಶಾಪಿನಲ್ಲೇ ಇರುತ್ತದೆ: ವರ್ನಿಯರ್, ಗೇಜ್ ಹಿಡಿದು ಸಣ್ಣ ಪೀಸುಗಳ ಇನ್‌ಸ್ಪೆಕ್ಷನ್, ಟೇಬಲ್ ಮೇಲಿಟ್ಟು ಅಂಚಿನ ಮುಳ್ಳು ಉಜ್ಜುವುದು, ಟೂಲ್ ಕ್ರಿಬ್‌ನಲ್ಲಿ ಕೊಡುವ-ತೆಗೆದುಕೊಳ್ಳುವ ಲೆಕ್ಕ. ತನ್ನ ಕೆಲಸಕ್ಕೆ ಹತ್ತಿರವಾದ ಕೆಲಸ ಸಿಕ್ಕವರು ಬೇಗ ಮರಳುತ್ತಾರೆ ಎಂಬುದು ನನ್ನ ಅನುಭವ. ಕೆನಡಾದ ಶೆರ್‌ಬ್ರೂಕ್‌ನಲ್ಲಿ ನಡೆದು 1997ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಆಸ್ಪತ್ರೆಯ ಚಿಕಿತ್ಸೆಯ ಜೊತೆಗೆ ಕೆಲಸದ ಜಾಗವನ್ನೂ ನೋಡಿ ಸರಿಪಡಿಸಿದವರ ಗುಂಪು, ಮಾಮೂಲಿ ಚಿಕಿತ್ಸೆಯ ಗುಂಪಿಗಿಂತ ಸುಮಾರು 2.4 ಪಟ್ಟು ವೇಗವಾಗಿ ತಮ್ಮ ಹಳೆಯ ಕೆಲಸಕ್ಕೆ ಮರಳಿತ್ತು.

ಈಗ ದುಡ್ಡಿನ ವಿಷಯ. ವೈದ್ಯರು ಇದನ್ನು ಕೇಳುವುದೇ ಇಲ್ಲ, ರೋಗಿಯ ಮನಸ್ಸಿನಲ್ಲಿ ಇದೇ ಮೊದಲು ಇರುತ್ತದೆ. ಮಂಜಣ್ಣನವರಿಗೆ ಇಎಸ್‌ಐ ಇದೆ, ಗಾಯ ಕೆಲಸದಲ್ಲೇ ಆದದ್ದು. ಹಾಗಾಗಿ ಕೆಲಸಕ್ಕೆ ಹೋಗಲಾಗದ ದಿನಗಳಿಗೆ ಕೂಲಿಯ ಶೇ. 90ರಷ್ಟು ತಾತ್ಕಾಲಿಕ ಅಂಗವಿಕಲತಾ ಭತ್ಯೆ ಸಿಗುತ್ತದೆ. ಆದರೆ ಈ ಭತ್ಯೆಯಲ್ಲಿ ನಡುವಿನ ದಾರಿ ಇಲ್ಲ. ಕೆಲಸ ಮಾಡಿ ಕೂಲಿ ಪಡೆದ ದಿನಕ್ಕೆ ಭತ್ಯೆ ಇಲ್ಲ. ಈಗ ನಾನು ಒಳ್ಳೆಯ ಉದ್ದೇಶದಿಂದಲೇ ‘ಮೊದಲ ಎರಡು ವಾರ ಅರ್ಧ ದಿನ ಕೆಲಸ’ ಎಂದು ಬರೆದೆ, ಗುತ್ತಿಗೆದಾರರು ಅರ್ಧ ದಿನಕ್ಕೆ ಅರ್ಧ ಕೂಲಿ ಕೊಟ್ಟರು ಎನ್ನಿ. ಮನೆಯಲ್ಲಿ ಮಲಗಿದ್ದರೆ ನೂರಕ್ಕೆ ತೊಂಬತ್ತು ಬರುತ್ತಿದ್ದದ್ದು, ದುಡಿಯಲು ಹೋದದ್ದಕ್ಕೆ ಐವತ್ತಾಯಿತು. ಎರಡನೇ ದಿನಕ್ಕೇ ಮಂಜಣ್ಣ ‘ಫುಲ್ ಫಿಟ್ ಅಂತ ಬರೆದುಕೊಡಿ ಸಾರ್’ ಎಂದು ಬಂದು ನಿಲ್ಲುತ್ತಾರೆ. ಅವರ ತಪ್ಪೇನಿದೆ?

ಹಾಗಾಗಿ ಬೆನ್ನಿಗೆ ನಿಜಕ್ಕೂ ಬೇಕಾಗದ ಹೊರತು ನಾನು ಗಂಟೆ ಕಡಿಮೆ ಮಾಡುವುದಿಲ್ಲ, ಭಾರ ಕಡಿಮೆ ಮಾಡುತ್ತೇನೆ. ಮೇಲಿನ ಪತ್ರದಲ್ಲಿ ‘ಪೂರ್ತಿ ಪಾಳಿ’ ಎಂದು ಸ್ಪಷ್ಟವಾಗಿ ಇರುವುದು ಅದಕ್ಕೇ. ಗಂಟೆ ಕಡಿಮೆ ಮಾಡಲೇಬೇಕಾದ ಸ್ಥಿತಿಯಲ್ಲಿದ್ದರೆ ಇನ್ನೊಂದು ವಾರ ಕಾದು ಕಳಿಸುವುದು ಮೇಲು. ಓವರ್‌ಟೈಮ್ ಹೋಗುವುದಂತೂ ಹೋಗುತ್ತದೆ, ಅದನ್ನು ರೋಗಿಗೆ ಮೊದಲೇ ಹೇಳಬೇಕು. ಇನ್ನೂ ಒಂದು ಎಚ್ಚರ: ನನ್ನಂಥ ಖಾಸಗಿ ವೈದ್ಯರ ಪತ್ರ ಮಾಲೀಕರಿಗೆ ಮಾತ್ರ. ಭತ್ಯೆಗೆ ಲೆಕ್ಕವಾಗುವುದು ಇಎಸ್‌ಐ ವೈದ್ಯರು ಕೊಡುವ ಮೊದಲ, ಮಧ್ಯಂತರ, ಅಂತಿಮ ಸರ್ಟಿಫಿಕೇಟುಗಳು. ಅಂತಿಮ ಸರ್ಟಿಫಿಕೇಟಿನ ತಾರೀಖೂ ನನ್ನ ಪತ್ರದ ತಾರೀಖೂ ಹೊಂದಬೇಕು. ಅಲ್ಲಿಯದು ಸೋಮವಾರ ಎಂದು, ನನ್ನ ಪತ್ರ ಗುರುವಾರ ಎಂದು ಇದ್ದರೆ ನಡುವಿನ ಮೂರು ದಿನದ ದುಡ್ಡು ಯಾರೂ ಕೊಡುವುದಿಲ್ಲ. ಮರಳಿ ಹೋದ ಮೇಲೆ ನೋವು ಮರುಕಳಿಸಿದರೆ ಕಾಯದೆ ಅದೇ ಇಎಸ್‌ಐ ಡಿಸ್ಪೆನ್ಸರಿಗೆ ಹೋಗಿ, ಹಳೆಯ ಅಪಘಾತದ್ದೇ ತೊಂದರೆ ಎಂದು ಬರೆಸಿಕೊಳ್ಳಬೇಕು.

ನಾಲ್ಕು ವಾರದ ನಡುವೆ ಕೆಡುಕಿನ ಸೂಚನೆ ಯಾವುದು? ಸೊಂಟದಲ್ಲಿ ಸಂಜೆ ಸ್ವಲ್ಪ ಬಿಗಿತ ಬಂದು ಬೆಳಿಗ್ಗೆಗೆ ಇಳಿದರೆ ಅದು ಕೆಡುಕಲ್ಲ, ಬಳಕೆ ತಪ್ಪಿದ ಮೈಯ ನೋವು. ನೋವು ಸೊಂಟ ಬಿಟ್ಟು ಮತ್ತೆ ಕಾಲಿಗೆ ಇಳಿಯತೊಡಗಿದರೆ ಭಾರ ಹೆಚ್ಚಾಗಿದೆ ಎಂದರ್ಥ, ಹಿಂದಿನ ಹಂತಕ್ಕೆ ಮರಳಬೇಕು. ನಡೆಯುವಾಗ ಚಪ್ಪಲಿಯ ತುದಿ ನೆಲಕ್ಕೆ ಎಡವುತ್ತಿದ್ದರೆ ಆ ವಾರದಲ್ಲೇ ತೋರಿಸಬೇಕು. ಮೂತ್ರ ಕಟ್ಟಿದರೆ, ಸೀಟಿನ ಮೇಲೆ ಕೂರುವ ಜಾಗವೇ ಜೋಮು ಹಿಡಿದಂತಾದರೆ, ಎರಡೂ ಕಾಲು ಬಲ ಕಳೆದುಕೊಂಡರೆ ಅದೇ ಗಂಟೆ ಆಸ್ಪತ್ರೆಗೆ. ಇದು ಅಪರೂಪ, ಆದರೆ ತಡವಾದರೆ ಶಸ್ತ್ರಚಿಕಿತ್ಸೆಯಿಂದಲೂ ಪೂರ್ತಿ ಸರಿಹೋಗದಿರಬಹುದು. ಇವನ್ನು ಮಾಲೀಕರ ಪತ್ರದಲ್ಲಿ ಬರೆಯುವುದಿಲ್ಲ, ಮಂಜಣ್ಣನವರಿಗೂ ಅವರ ಮನೆಯವರಿಗೂ ಬಾಯಲ್ಲೇ ಹೇಳುತ್ತೇನೆ.

ಆ ನಾಲ್ಕು ವಾರ ಮುಗಿದು, ಗಾಯವಾದ ಎಂಟನೇ ವಾರದ ಮರುಪರೀಕ್ಷೆಯಲ್ಲಿ ಎಲ್ಲ ಸರಿಯಿದ್ದರೆ ಎರಡನೇ ಪತ್ರ. ಈ ಹಂತದಲ್ಲಿ ಕಂಪನಿಗಳು ಕೇಳುವ ಒಂದು ಸಾಲಿದೆ: ‘ಮುಂದೆ ಬೆನ್ನುನೋವು ಮರುಕಳಿಸುವುದಿಲ್ಲ ಎಂದು ದೃಢೀಕರಿಸಿ.’ ಅದನ್ನು ಯಾವ ವೈದ್ಯರೂ ಪ್ರಾಮಾಣಿಕವಾಗಿ ಬರೆಯಲಾರರು, ಏಕೆಂದರೆ ಒಮ್ಮೆ ಬಂದ ಬೆನ್ನುನೋವು ಇನ್ನೊಮ್ಮೆ ಬರುವುದು ತೀರಾ ಸಾಮಾನ್ಯ, ಎಂದೂ ರಜೆ ಹಾಕದ ಸಹೋದ್ಯೋಗಿಗೂ ನಾಳೆ ಬರಬಹುದು. ನಾನು ಬರೆಯುವುದು ಇಷ್ಟು: ‘ಇಂದಿನ ಪರೀಕ್ಷೆಯಂತೆ ಇವರು ಈ ತಾರೀಖಿನಿಂದ ತಮ್ಮ ಮೊದಲಿನ ಕೆಲಸಕ್ಕೆ ಯೋಗ್ಯರು. ಕಾಸ್ಟಿಂಗ್ ಬಿನ್ ಅನ್ನು ಸೊಂಟದೆತ್ತರದಲ್ಲಿ, ಮೆಷಿನ್‌ನ ಎದುರಿಗೆ ಇಡುವುದು ಈ ಜಾಗದಲ್ಲಿ ಕೆಲಸ ಮಾಡುವ ಯಾರಿಗೇ ಆದರೂ ಸೂಕ್ತ.’ ಎರಡನೇ ವಾಕ್ಯವನ್ನು ತೆಗೆಯಿರಿ ಎಂದು ಎಚ್‌ಆರ್‌ನಿಂದ ಫೋನ್ ಬರುವುದುಂಟು. ನಾನು ತೆಗೆಯುವುದಿಲ್ಲ.